ಇರಂ ಕಳಿಸಿದ ಕವಿ ಪರಿಚಯ

ಶಿವಮೊಗ್ಗದ ಡಿಟಿಪಿ ಅಂಗಡಿಯೊಂದರಲ್ಲಿ ಇರಂ ಒಂಬತ್ತು ವರ್ಷದಿಂದ ಊರವರ ಕವಿ ಪರಿಚಯಗಳನ್ನು ಟೈಪ್ ಮಾಡುತ್ತಿದ್ದಾಳೆ. ಯಾರದು ಎಷ್ಟು ಸಂಕಲನ, ಯಾರಿಗೆ ಯಾವ ಪ್ರಶಸ್ತಿ, ಎಲ್ಲ ಬಾಯಿಪಾಠ. ತನ್ನ ಪರಿಚಯ ಬರೆಯಲು ಕೂತಾಗ ಮಾತ್ರ ಬೆರಳೇ ಓಡಲಿಲ್ಲ.

ಅವಳು ಮೊದಲ ಬಾರಿ ತನ್ನ ಕವಿತೆ ಕಳಿಸಹೊರಟ ಪತ್ರಿಕೆ ಕೇಳಿದ್ದು ಇಷ್ಟೇ: ನಾಲ್ಕು ಕವಿತೆ, ಐವತ್ತು ಪದ ಮೀರದ ಪರಿಚಯ, ಜೊತೆಗೊಂದು ಚಿಕ್ಕ ಪತ್ರ. ‘ಇವು ನನ್ನ ಸ್ವಂತ ರಚನೆಗಳು, ಎಲ್ಲೂ ಪ್ರಕಟವಾಗಿಲ್ಲ, ಬೇರೆ ಪತ್ರಿಕೆಗೆ ಕಳಿಸಿಲ್ಲ’ ಎಂದು ಪತ್ರವನ್ನೇನೋ ಬರೆದಳು. ಪರಿಚಯಕ್ಕೆ ಮಾತ್ರ ಅಂಗಡಿಯ ರೂಢಿಯಂತೆ ಹಳೆಯ ಫೈಲೊಂದನ್ನು ತೆರೆದಳು. ಅದು ನಿವೃತ್ತ ಮೇಷ್ಟ್ರು ಚಂದ್ರಶೇಖರಪ್ಪನವರದು. ಹೆಸರು ಬದಲಿಸಿದಳು, ಊರು ಭದ್ರಾವತಿ ಎಂದು ಹಾಕಿದಳು. ಅಷ್ಟರಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಗತೊಡಗಿತು. ಕೊನೆಯ ದಿನ ಬೇರೆ. ಗಡಿಬಿಡಿಯಲ್ಲಿ ಕಳಿಸಿಯೇಬಿಟ್ಟಳು.

ಸಂಜೆ ಭದ್ರಾವತಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಸುಮ್ಮನೆ ಇನ್ನೊಮ್ಮೆ ನೋಡೋಣವೆಂದು ಮೊಬೈಲಿನಲ್ಲಿ ಫೈಲ್ ತೆರೆದಳು. ‘ಇರಂ, ಭದ್ರಾವತಿ. ಐದು ಕವನ ಸಂಕಲನಗಳು. ಮೂರು ಪ್ರಶಸ್ತಿಗಳು.’

ಒಂದು ಕವಿತೆಯೂ ಅಚ್ಚಾಗದವಳಿಗೆ ಐದು ಸಂಕಲನ! ಆ ಪರಿಚಯ ಯಾರದೆಂದು ಸಂಪಾದಕರಿಗೆ ಗೊತ್ತಾದರೆ? ಕದ್ದವಳು ಅನ್ನುತ್ತಾರೆ, ಪರಿಚಯ ಕದ್ದವಳು ಕವಿತೆ ಕದಿಯದೆ ಇರುತ್ತಾಳೆಯೇ ಎನ್ನುತ್ತಾರೆ. ಸುಮ್ಮನಿದ್ದರೆ ಯಾರೂ ಗಮನಿಸದೆಯೂ ಹೋಗಬಹುದು. ಆದರೆ ಅಚ್ಚಾಗಿಬಿಟ್ಟರೆ? ಮೇಷ್ಟ್ರಿಗೆ ಯಾವ ಮುಖ ತೋರಿಸುವುದು? ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಪಕ್ಕದಲ್ಲಿ ಕೂತಿದ್ದ ಅಜ್ಜಿ, ‘ಯಾಕವ್ವಾ, ಮೈ ಹುಷಾರಿಲ್ವಾ?’ ಎಂದಳು.

‘ಏನಿಲ್ಲ ಅಜ್ಜೀ, ಒಂದು ತಪ್ಪಾಗೋಗಿದೆ’ ಎಂದ ಇರಂ, ಅಲುಗುವ ಬಸ್ಸಿನಲ್ಲೇ ಪತ್ರಿಕೆಗೆ ಇನ್ನೊಂದು ಇ-ಮೇಲ್ ಟೈಪ್ ಮಾಡಿದಳು. ‘ಮಾನ್ಯರೇ, ಮೊದಲು ಕಳಿಸಿದ ಪರಿಚಯ ನನ್ನದಲ್ಲ. ಬೇರೊಬ್ಬರ ಫೈಲಿನ ಮೇಲೆ ನನ್ನ ಹೆಸರು ಹಾಕಿ, ಉಳಿದದ್ದನ್ನು ಅಳಿಸಲು ಮರೆತೆ. ಕವಿತೆಗಳು ನನ್ನವೇ. ನಾನು ಡಿಟಿಪಿ ಕೆಲಸದವಳು. ಒಂಬತ್ತು ವರ್ಷದಿಂದ ಬೇರೆಯವರ ಪರಿಚಯ ಟೈಪ್ ಮಾಡಿದ್ದೇನೆ. ನನ್ನದನ್ನು ಬರೆಯುತ್ತಿರುವುದು ಇದೇ ಮೊದಲು. ಕ್ಷಮಿಸಿ.’ ಕಣ್ಣು ಮುಚ್ಚಿ ಕಳಿಸುವ ಗುಂಡಿ ಒತ್ತಿದಳು.

ಉತ್ತರ ಬರಲು ಇಪ್ಪತ್ತಾರು ದಿನ ಹಿಡಿಯಿತು. ಅಷ್ಟೂ ದಿನ ಫೋನು ಟಿಣ್ ಎಂದಾಗಲೆಲ್ಲ ಇರಂ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ ಅಂಗಡಿಯಲ್ಲೇ ಬಂತು: ‘ನಿಮ್ಮ ಎರಡನೇ ಕವಿತೆ ಆಯ್ಕೆಯಾಗಿದೆ. ಪರಿಚಯಕ್ಕೆ ನಿಮ್ಮ ಎರಡನೇ ಇ-ಮೇಲ್‌ನ ಕೊನೆಯ ಸಾಲುಗಳನ್ನೇ ಬಳಸುತ್ತೇವೆ. ಕ್ಷಮೆ ಕೇಳಿದ್ದೊಂದನ್ನು ಬಿಟ್ಟು.’

ಅವಳು ಓದಿ ಮುಗಿಸುವಷ್ಟರಲ್ಲಿ ಚಂದ್ರಶೇಖರಪ್ಪನವರೇ ಒಳಗೆ ಬಂದರು. ‘ಇರಂ, ನನ್ನ ಫೈಲ್ ತೆಗಿಯಮ್ಮಾ. ಇನ್ನೊಂದು ಪ್ರಶಸ್ತಿ ಸೇರಿಸ್ಬೇಕು. ಅದ್ಯಾಕೆ, ಕಣ್ಣಲ್ಲಿ ನೀರು?’

‘ನಿಮ್ಮ ಮೂರೂ ಪ್ರಶಸ್ತಿ ಅರ್ಧ ದಿನ ನನ್ನ ಹತ್ರ ಇದ್ವು ಸಾರ್’ ಎಂದಳು ಇರಂ, ಕಣ್ಣೊರೆಸಿಕೊಳ್ಳುತ್ತಾ. ‘ವಾಪಸ್ ಕೊಟ್ಬಿಟ್ಟೆ.’