ಕೆಂಗೇರಿ ಕಂಪ್ಯೂಟರಿನ ಸರ್ಟಿಫಿಕೇಟು

ಯಂತ್ರ ಸುಳ್ಳು ಹೇಳುವುದಿಲ್ಲ ಅಂತ ಯಾರಾದರೂ ಅಂದರೆ ನನಗೆ ಇವತ್ತಿಗೂ ಮೈಯುರಿಯುತ್ತದೆ.

ರಾಜಾಜಿನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ಸರ್ವರ್ ನೋಡಿಕೊಳ್ಳುತ್ತಿದ್ದೆ. ಮನೆಮನೆಗೆ ಬ್ರಾಡ್‌ಬ್ಯಾಂಡ್ ಆಗಷ್ಟೇ ಬರುತ್ತಿದ್ದ ಕಾಲ. ವಿಜಯನಗರ, ಲಗ್ಗೆರೆ, ಕೆಂಗೇರಿ ಶಾಖೆಗಳ ಕಂಪ್ಯೂಟರುಗಳು ಇಂಟರ್ನೆಟ್ಟಿನ ಮೂಲಕ ನಮ್ಮ ಸರ್ವರಿನ ಎಪಿಐ ಅನ್ನುವ ಕಿಂಡಿಯಲ್ಲಿ ಕೇಳಿ ರೋಗಿಗಳ ರಿಪೋರ್ಟು ತರಿಸಿಕೊಳ್ಳುತ್ತಿದ್ದವು. ಅವುಗಳ ಐಪಿ ವಿಳಾಸ ಆಗಾಗ ಬದಲಾಗುತ್ತಿತ್ತು, ಅದನ್ನು ನಂಬಿ ಬಾಗಿಲು ತೆಗೆಯುವ ಹಾಗಿರಲಿಲ್ಲ. ಅದಕ್ಕೇ ಒಂದೊಂದು ಕಂಪ್ಯೂಟರಿಗೂ ಬೇರೆಬೇರೆ ಸರ್ಟಿಫಿಕೇಟು, ಅಂದರೆ ಗುರುತಿನ ಚೀಟಿಯಂಥ ಒಂದು ಫೈಲು, ಅದರ ಜೋಡಿಯ ಗುಟ್ಟಿನ ಕೀಲಿ ಹಾಕಿಕೊಟ್ಟೆ. ನಾವು ಸಹಿ ಮಾಡಿದ ಸರ್ಟಿಫಿಕೇಟು ತೋರಿಸಿ, ಅದರ ಕೀಲಿ ತನ್ನಲ್ಲಿದೆ ಅಂತ ಸಾಬೀತು ಮಾಡದ ಯಂತ್ರಕ್ಕೆ ಸರ್ವರ್ ಒಂದಕ್ಷರವನ್ನೂ ಬಿಡುತ್ತಿರಲಿಲ್ಲ. ಯಾವ ಸರ್ಟಿಫಿಕೇಟು ಯಾವ ರಿಪೋರ್ಟು ಕೇಳಿತು ಅನ್ನುವುದು ಲಾಗಿನಲ್ಲಿ ದಾಖಲಾಗುತ್ತಿತ್ತು.

ಒಂದು ಬೆಳಿಗ್ಗೆ ಒಬ್ಬ ತಂದೆ ಆಫೀಸಿಗೆ ನುಗ್ಗಿ ಕೂಗಾಡಿದರು. ಅವರ ಮಗಳ ರಿಪೋರ್ಟಿನಲ್ಲಿದ್ದದ್ದು ಗಂಡಿನ ಮನೆಯವರಿಗೆ ಗೊತ್ತಾಗಿ, ನಿಶ್ಚಯವಾಗಿದ್ದ ಸಂಬಂಧ ಮುರಿದುಬಿದ್ದಿತ್ತು. ಲಾಗು ತೆಗೆದೆ. ಆ ರಿಪೋರ್ಟನ್ನು ತೆರೆದದ್ದು ಕೆಂಗೇರಿಯ ಸರ್ಟಿಫಿಕೇಟು, ಅದೊಂದೇ. ಕೆಂಗೇರಿಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳೂ ಒಬ್ಬಳೇ, ಹುಬ್ಬಳ್ಳಿ ಕಡೆಯಿಂದ ಬಂದಿದ್ದ ಹುಡುಗಿ.

"ಇನ್ನೇನ್ ಬೇಕ್ರೀ? ಸರ್ಟಿಫಿಕೇಟೇ ಹೇಳ್ತಾ ಇದೆಯಲ್ಲ! ನಾಳೆಯಿಂದ ಬರೋದು ಬೇಡ ಅನ್ನಿ ಅವಳಿಗೆ," ಅಂದರು ಮ್ಯಾನೇಜರು.

ಲ್ಯಾಬಿನ ಯಜಮಾನರು ವಯಸ್ಸಾದ ಡಾಕ್ಟರು. "ದುಡುಕ್ಬೇಡಿ. ಮೊದಲು ಆ ಕಂಪ್ಯೂಟರ್ ತಂದು ನೋಡಮ್ಮ," ಅಂತ ನನ್ನನ್ನು ಕಳಿಸಿದರು. ರಿಪೋರ್ಟು ಬಯಲು ಮಾಡಿದವಳು ಅನ್ನುವ ಹೆಸರು ಹೊತ್ತು ಹೊರಬಿದ್ದರೆ ಆ ಹುಡುಗಿಯನ್ನು ಊರಿನ ಯಾವ ಲ್ಯಾಬೂ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದು ನನಗೂ ಗೊತ್ತಿತ್ತು.

ಮಾರನೆಯ ದಿನ ಕೆಂಗೇರಿಗೆ ಹೋದಾಗ, ಮ್ಯಾನೇಜರು ಅಂದದ್ದು ಆಗಲೇ ಕಿವಿಗೆ ಬಿದ್ದು ಅವಳ ಕಣ್ಣು ಅತ್ತು ಅತ್ತು ಊದಿತ್ತು. "ನಾ ಯಾರಿಗೂ ತೋರ್ಸಿಲ್ರೀ ಮೇಡಂ. ನಮ್ಮವ್ವನ ಆಣಿ." ನಾನು ಕಂಪ್ಯೂಟರಿನ ವೈರುಗಳನ್ನೆಲ್ಲ ಕಿತ್ತೆ. ನಿಜ ಹೇಳಬೇಕೆಂದರೆ, ಆಗ ನಾನು ಅವಳನ್ನು ನಂಬಿರಲಿಲ್ಲ.

ಅಷ್ಟರಲ್ಲಿ ಆಫೀಸಿನಲ್ಲಿ ಲಾಗು ಕಾಯುತ್ತಿದ್ದ ನನ್ನ ಸಹೋದ್ಯೋಗಿಯ ಫೋನು. "ಮೇಡಂ, ಕೆಂಗೇರಿಯಿಂದ ಈಗ ರಿಪೋರ್ಟ್ ಕೇಳ್ತಾ ಇದೆ. ನೀವೇನಾ?"

"ಯಾವಾಗ?"

"ಈಗ, ಈಗಲೇ! ಇನ್ನೊಂದು ಬಂತು ನೋಡಿ."

ಪವರ್ ಕೇಬಲ್ಲು ನನ್ನ ಕೈಯಲ್ಲೇ ಇತ್ತು. ಅಯ್ಯೋ ಶಿವನೇ! ಉಸಿರಿಲ್ಲದೆ ಮೇಜಿನ ಮೇಲೆ ಕೂತಿದ್ದ ಕಂಪ್ಯೂಟರು, ಅತ್ತ ಸರ್ವರಿನ ಜೊತೆ ಮಾತಾಡುತ್ತಿದೆ. ನನ್ನ ಮುಖ ನೋಡಿ ಆ ಹುಡುಗಿಯೇ ನನಗೆ ನೀರು ತಂದು ಕೊಟ್ಟಳು.

ಗುಟುಕು ನೀರು ಇಳಿದ ಮೇಲೆ ನಮಗೆ ಕಂಪ್ಯೂಟರು ಜೋಡಿಸಿಕೊಡುತ್ತಿದ್ದ ಹಾರ್ಡ್‌ವೇರ್‌ನವನ ಚಾಳಿ ನೆನಪಾಯಿತು. ಹೊಸ ಕಂಪ್ಯೂಟರು ಬಂದರೆ ಎಲ್ಲವನ್ನೂ ಮೊದಲಿಂದ ಹಾಕುವ ತಾಪತ್ರಯವೇ ಬೇಡವೆಂದು, ಚೆನ್ನಾಗಿ ಓಡುತ್ತಿದ್ದ ಯಾವುದಾದರೂ ಡಿಸ್ಕನ್ನು ಇಡಿಯಾಗಿ ನಕಲು ಹೊಡೆಯುತ್ತಿದ್ದ. ಡಿಸ್ಕಿನ ಜೊತೆ ಸರ್ಟಿಫಿಕೇಟೂ ಕೀಲಿಯೂ ಹೋಗುತ್ತವೆ. ಕೆಂಗೇರಿಗೆ ಒಂದು ಅವಳಿ ಎಲ್ಲೋ ಇದೆ! ಅವನಿಗೆ ಫೋನು ಮಾಡಿದರೆ ಸ್ವಿಚ್ ಆಫ್.

"ಕೆಂಗೇರಿ ಸರ್ಟಿಫಿಕೇಟನ್ನ ರದ್ದು ಪಟ್ಟಿಗೆ ಸೇರ್ಸಿ, ಸರ್ವರ್ ರೀಸ್ಟಾರ್ಟ್ ಮಾಡು," ಅಂದೆ ಸಹೋದ್ಯೋಗಿಗೆ. ಯಾರ ಕಂಪ್ಯೂಟರು ನಿಂತುಹೋಗುತ್ತದೋ ಅವರು ಕೇಳಿಯೇ ಕೇಳುತ್ತಾರೆ ಅಂದುಕೊಂಡೆ. ಲಗ್ಗೆರೆಯವರೋ, ವಿಜಯನಗರದವರೋ.

ಫೋನು ಬಂತು. ಜ್ವರ ಅಂತ ರಜೆ ಹಾಕಿ ಬಸವೇಶ್ವರನಗರದ ಮನೆಯಲ್ಲಿದ್ದ ಮ್ಯಾನೇಜರು. "ಏನ್ರೀ ಮಾಡಿದ್ರಿ? ಮನೇಲಿ ರಿಪೋರ್ಟ್ ಓಪನ್ನೇ ಆಗ್ತಾ ಇಲ್ಲ!"

"ಮನೇಲಾ ಸಾರ್?"

"ಹೂಂ ಕಣ್ರೀ, ಹಾರ್ಡ್‌ವೇರ್‌ನವನು ಹಾಕ್ಕೊಟ್ಟಿದ್ನಲ್ಲ. ಈಗಿನ್ನೂ ಓಡ್ತಿತ್ತು."

ಆ ಅವಳಿ ಇದ್ದದ್ದು ಇವರ ಮನೆಯಲ್ಲಿ! ತಮ್ಮನ ಮಗನಿಗೆ ಹೆಣ್ಣು ಗೊತ್ತಾಗಿದೆ ಅಂತ ಇದೇ ಮನುಷ್ಯ ಊಟದ ಹೊತ್ತಿನಲ್ಲಿ ಹೇಳಿ ಹೇಳಿ ನಮ್ಮ ಕಿವಿ ತೂತು ಮಾಡಿದ್ದರು. ನಾಲ್ಕೈದು ದಿನದಿಂದ ಆ ಸುದ್ದಿಯೇ ಎತ್ತಿರಲಿಲ್ಲ. ರಿಪೋರ್ಟು ತೆರೆದದ್ದು ತಾವೇ ಅಂತ ಚೆನ್ನಾಗಿ ಗೊತ್ತಿದ್ದೂ, ಲಾಗಿನಲ್ಲಿ ಕೆಂಗೇರಿಯ ಹೆಸರು ಕಂಡ ಕೂಡಲೇ ಆ ಹುಡುಗಿಯನ್ನು ಕಳಿಸಿ ಅಂದಿದ್ದರು. ಥೂ!

ಡಾಕ್ಟರಿಗೆ ಫೋನಿನಲ್ಲೇ ಎಲ್ಲ ಹೇಳಿದೆ. "ಆ ಮಗು ಕೆಲಸದಲ್ಲಿರ್ಲಿ. ಅವನ ಹತ್ರ ನಾನ್ ಮಾತಾಡ್ತೀನಿ. ಹಳಬ ಅವನು. ನೀನು ಇದನ್ನ ಎಲ್ಲೂ ಆಡ್ಬೇಡಮ್ಮ," ಅಂದರು.

ಹುಡುಗಿಗೆ ಹೇಳಿದೆ, ನಿನ್ನ ಕೆಲಸ ಉಳಿಯಿತು, ತಪ್ಪು ನಿನ್ನದಲ್ಲ, ಮ್ಯಾನೇಜರದು ಅಂತ. ಅವಳು ದುಪಟ್ಟಾದಲ್ಲಿ ಮುಖ ಒರೆಸಿಕೊಂಡು ಕೇಳಿದಳು:

"ಹಂಗಾದ್ರ, ನಾಳಿಂದ ಬರಬ್ಯಾಡ ಅಂತ ಅವರಿಗೂ ಹೇಳ್ತಾರೇನ್ರೀ?"

ನಾನು ಬಗ್ಗಿ, ಕಿತ್ತಿದ್ದ ವೈರುಗಳನ್ನು ಒಂದೊಂದಾಗಿ ಮತ್ತೆ ಸಿಕ್ಕಿಸತೊಡಗಿದೆ.