ಹಳೇ ಸಾಹೇಬ್ರ ಹೆಸರಿನ ಮ್ಯಾಲ ನಾಟಿ

ಅಮರಪ್ಪನ ಬಗ್ಗೆ ಚಲೋ ಮಾತು ಹೇಳು ಅಂದ್ರ ಒಂದ ಅದ ನೋಡ್ರಿ. ಅಂಗಿ ಇಸ್ತ್ರಿ ಭಾಳ ಚಂದ ಮಾಡಿಸ್ತಾನ. ಉಳಿದದ್ದು ಹೇಳ್ತೀನಿ, ಕುಂತು ಕೇಳ್ರಿ.

ನಾವಿಬ್ರೂ ಶಹಾಪುರದಾಗ ಒಂದ ಬೀಜದ ಕಂಪನಿದಾಗ ಇದ್ದವ್ರು. ನಾ ಅದನ್ನ ಬಿಟ್ಟು ಬಸ್‌ಸ್ಟ್ಯಾಂಡ್ ಹತ್ರ ಗೊಬ್ಬರದ ಅಂಗಡಿ ಇಟ್ಟೆ. ನಮ್ಮ ಮ್ಯಾನೇಜರ್ ಮರಿಲಿಂಗಪ್ಪ ಸಾಹೇಬ್ರು ಬ್ಯಾರೆ ಬೀಜದ ಕಂಪನಿಗೆ ಹೋದ್ರು. ಅಮರಪ್ಪನ ಕೈಕೆಳಗ ಕಂಪನಿ ಬೀಜ ಬೆಳೆದು ನೋಡೋ ಪ್ಲಾಟ್ ನೋಡ್ಕೋತಿದ್ದ ಮೋನಮ್ಮ ಸುರಪುರದಾಗ ಭತ್ತದ ನಾಟಿ ಮಷೀನ್ ತಗೊಂಡು ಬಾಡಿಗಿ ಹೊಡಿಯಾಕತ್ತಳು. ಹಿಂಗ ಕಂಪನಿ ಬಿಟ್ಟವ್ರದೆಲ್ಲ ಒಂದು ವಾಟ್ಸಾಪ್ ಗ್ರೂಪ್ ಅದ, ಹೆಸರು 'ಹಳೇ ಬಳಗ'. ಯಾರಿಗೆ ಕೆಲಸ ಬೇಕು, ಯಾವ ಊರಾಗ ಗಿರಾಕಿ ಅದಾರ, ಎಲ್ಲಾ ಅದರಾಗ ಗೊತ್ತಾಗ್ತದ. ಅಲ್ಲಿ ಒಂದ ಕಾಯ್ದೆ, ಯಾರೂ ಬರದಿಟ್ಟಿಲ್ಲ: ಕಣ್ಣಾರೆ ಕೆಲಸ ನೋಡಿದವನ ಹೆಸರಷ್ಟ ಹೇಳಬೇಕು. ಯಾಕಂದ್ರ ಹೇಳಿದವನ ಇಜ್ಜತ್ ಗಿರಾಕಿ ಕೈಯಾಗ ಇರ್ತದ.

ಅಮರಪ್ಪ ಎಲ್ಲರಕಿಂತ ಕಡೀಗೆ ಬಿಟ್ಟ. ಬಿಡೂಮುಂದ ಸುಮ್ನ ಬಿಟ್ಟನಾ? ಮರಿಲಿಂಗಪ್ಪ ಸಾಹೇಬ್ರು ಏನೂ ಬರದಂವ, ನನ್ನ ದುಡಿಮಿ ಮ್ಯಾಲ ಮ್ಯಾನೇಜರ್ ಆದಂವ ಅಂತ ಊರೂರಾಗ ಹೇಳಿಕೋತ ಅಡ್ಡಾಡಿದ. ಉಂಡ ಮನಿ ಜಂತಿ ಎಣಿಸೋದಂದ್ರ ಇದ ನೋಡ್ರಿ. ಆಮ್ಯಾಲ ಹೆಂಡ್ತಿ ಮೈಮ್ಯಾಲಿನ ಬಂಗಾರ ಮಾರಿ ತಾನೂ ಒಂದು ನಾಟಿ ಮಷೀನ್ ತಂದ. ಆ ಮುಂಗಾರಿನಾಗ ಕೆಲಸ ಸಿಗಲಿಲ್ಲಂದ್ರ ಮಷೀನೂ ಹೋಯ್ತು, ಬಂಗಾರಾನೂ ಹೋಯ್ತು. ಇದು ಅವಂಗೂ ಗೊತ್ತಿತ್ತು, ಅವನ ಹೆಂಡ್ತಿಗೆ ಇನ್ನೂ ಚಲೋ ಗೊತ್ತಿತ್ತು.

ಆಗ ನೆನಪಾಯ್ತು ಹಳೇ ಬಳಗ. ಮುಂಜಾನೆ ಎದ್ದರ ಗ್ರೂಪಿನಾಗ ಮಷೀನಿನ ಫೋಟೋ. 'ಅಮರಪ್ಪ ಆಗ್ರೋ ಸರ್ವಿಸ್, ಎಲ್ಲರೂ ಫಾರ್ವರ್ಡ್ ಮಾಡಿ.' ಅಬಾಬಾ! ತಾಯಿ ತೀರಿಕೊಂಡಾಳ ಅಂತ ಒಬ್ಬ ಹಾಕಿದ್ರ ಅದರ ಕೆಳಗೂ ಇವನ ಮಷೀನು. ಒಬ್ಬರೂ ಹೂಂ ಅನ್ನಲಿಲ್ಲ, ಊಂಹೂಂ ಅನ್ನಲಿಲ್ಲ.

"ಎಲ್ಲಾರೂ ಹೊಟ್ಟಿಕಿಚ್ಚಿನ ಮಕ್ಕಳು ಪಂಪಣ್ಣ," ಅಂದ ನನ್ನ ಅಂಗಡಿಗೆ ಬಂದು.

"ಹೊಟ್ಟಿಕಿಚ್ಚಲ್ಲೋ. ಎಲ್ಲಾರಿಗೂ ಹೇಳಿದ್ರ ಯಾರಿಗೂ ಹೇಳಿಲ್ಲದಂಗ. ಒಬ್ಬರ ಹತ್ರ ಹೋಗು. ಏನು ಬೇಕೋ ಬಿಡಿಸಿ ಕೇಳು."

ಹೋದ. ಯಾರ ಹತ್ರ? ಮರಿಲಿಂಗಪ್ಪ ಸಾಹೇಬ್ರ ಹತ್ರನ! ನಾಚಿಕಿ ಅನ್ನೋದು ಇವನ ಓಣಿಗೆ ಬಂದಿಲ್ಲ. ಒಂದು ಡಜನ್ ಬಾಳೆಹಣ್ಣು ಹಿಡಕೊಂಡು ಅವರ ಮನಿಗೆ ಹೋಗಿ ಕಾಲಿಗೆ ಬಿದ್ದ. ನಾನೂ ಕೂಡೇ ಇದ್ದೆ, ತಮಾಷಿ ನೋಡಾಕ.

ಸಾಹೇಬ್ರು ದೊಡ್ಡ ಮನಷ್ಯಾ. ಹಳೇದು ಎತ್ತಲಿಲ್ಲ. "ಅಮರಪ್ಪ, ನಾಟಿ ಪ್ಲಾಟಿನಾಗ ನಿನ್ನ ಕೆಲಸ ನೋಡೀನಿ, ಕೈ ಚಲೋ ಅದ. ಅಷ್ಟ ಹೇಳ್ತೀನಿ, ಅದಕಿಂತ ಹೆಚ್ಚಿಗಿ ಹೇಳಂಗಿಲ್ಲ. ಬೋನಾಳದ ಸುಗಲಮ್ಮಗ ನಾಟಿ ಮಷೀನ್ ಬೇಕಾಗ್ಯಾದ. ಆಕೀನ ಮೊದಲು ಕೇಳಿ, ಒಪ್ಪಿದ್ರ ನಂಬರ್ ಕೊಡ್ತೀನಿ. ಹಳೇ ಕಂಪನಿ ರೈತರ ನಂಬರ್ ನಿನ್ನ ಫೋನಿನಾಗ ಇದ್ರ ತಗದಬಿಡು, ಅವು ನಿನ್ನವಲ್ಲ. ಆಮ್ಯಾಲ ಒಂದು ಮಾತು. ಕೆಲಸ ಆದ್ರ ಆಯ್ತಂತ ಹೇಳು. ಆಗಂಗಿಲ್ಲಂದ್ರ ಮೊದಲ ಹೇಳು."

"ಹೌದ್ರಿ ಸಾಹೇಬ್ರ, ನಿಮ್ಮ ಮಾತು ಮೀರಾಂಗಿಲ್ರಿ," ಅಂದ. ತಲಿ ಹೆಂಗ ಅಲ್ಲಾಡಿಸಿದ ಅಂದ್ರ, ಕೋಲೆ ಬಸವ ಸೈತ ನಾಚಬೇಕು.

ಸುಗಲಮ್ಮ ಒಪ್ಪಿದಳು. ಒಂದು ಗಿರಾಕಿ ಸಿಕ್ಕದ್ದ ತಡ, ಅಮರಪ್ಪನ ಬಾಯಿ ಊರ ಅಗಸಿ ಬಾಗಲಾತು. ಹಳೇ ಬಳಗದಾಗ ಸಿಕ್ಕಸಿಕ್ಕವ್ರಿಗೆ ಫೋನ್ ಹಚ್ಚಿ, "ಮರಿಲಿಂಗಪ್ಪ ಸಾಹೇಬ್ರ ನನ್ನ ಜಿಮ್ಮಾ ತಗೊಂಡಾರ, ನನ್ನ ಹೊಣಿ ಎಲ್ಲಾ ಅವರದ, ನಿಮ್ಮ ಕಡೀ ರೈತರನ್ನ ಕೊಡ್ರಿ" ಅನ್ನಾಕತ್ತ. ಸಾಹೇಬ್ರ ಹೆಸರು ಕೇಳಿ ಒಬ್ಬ ಶಹಾಪುರದ ಹತ್ರದ ರೈತರನ್ನ ಕೊಟ್ಟ, ಇನ್ನೊಬ್ಬ ಸುರಪುರದ ಕಡೀಯವ್ರನ್ನ ಕೊಟ್ಟ. ಎಲ್ಲಾರಿಗೂ ಇವನ ಮಾತು ಒಂದ: "ಮೊದಲು ನಿಮ್ಮ ಗದ್ದಿ!" ಎಲ್ಲಾರ ಮನ್ಯಾಗೂ ಮಷೀನಿಗೆ ಬೇಕಾದ ಟ್ರೇ ಇಳಿಸಿ, ಅದರಾಗ ಸಸಿ ಹಾಕಿಸಿಬಿಟ್ಟ.

ಇಲ್ಲಿ ಕಾಲುವಿ ನೀರು ಪಾಳಿ ಮ್ಯಾಲ ಬರ್ತದ. ಗೇಟ್ ಎತ್ತಿದ್ರೋ, ಎಲ್ಲಾ ರೈತರೂ ಕೂಡೇ ಕೆಸರು ಹೊಡೀತಾರ, ಎಲ್ಲಾರಿಗೂ ಅದ ವಾರದಾಗ ನಾಟಿ ಆಗಬೇಕು. ಮಷೀನ್ ಒಂದ. ಟ್ರೇದಾಗಿನ ಸಸಿ ಅಮರಪ್ಪನ ಸಲುವಾಗಿ ಕಾಯಂಗಿಲ್ಲ, ಬೆಳೆದು ಬೇರು ಹೆಣಕೊಂಡ್ರ ಮಷೀನು ಎತ್ತಂಗಿಲ್ಲ. ಇಷ್ಟು ವರ್ಷ ಕಾಲುವಿ ದಂಡಿ ಮ್ಯಾಲ ಬೀಜ ಮಾರಿದಂವಗ ಇದು ಗೊತ್ತಿಲ್ಲೇನ್ರಿ? ಗೊತ್ತಿತ್ತು. ಆದ್ರ ಒಬ್ಬರಿಗೆ ಇಲ್ಲ ಅಂದ್ರ ಅವ್ರು ಬ್ಯಾರೆಯವ್ರ ಕಡೀ ಹೋಗ್ತಾರಂತ ಅಂಜಿಕಿ.

ನೀರು ಬಂತು. ಅಮರಪ್ಪ ಶಹಾಪುರದ ಗದ್ದ್ಯಾಗ ಇಳಿದ. ಬೋನಾಳದಿಂದ ಸುಗಲಮ್ಮ ಫೋನ್ ಹಚ್ಚಿದ್ರ, "ದಾರ್ಯಾಗ ಅದೀನ್ರಿ ಅವ್ವಾರ." ಮರುದಿನಾನೂ ದಾರ್ಯಾಗ. ಆಮ್ಯಾಲ ಫೋನ್ ಬಂದ್.

ನನಗ ಸಿಟ್ಟು ಬಂತು, ನಾನ ಗದ್ದಿಗೆ ಹೋದೆ. "ಏ ಖೋಡಿ, ಮೋನಮ್ಮಗ ಒಂದು ಫೋನ್ ಹಚ್ಚು. ಆಕಿ ಹತ್ರ ಈಗ ಎರಡು ಮಷೀನ್ ಅವ. ಬೋನಾಳ ಆಕಿಗೆ ಬಿಟ್ಟುಕೊಡು, ಮುಂದ ಆಕಿ ನಿನಗ ಕೊಡ್ತಾಳ. ಗ್ರೂಪ್ ಇರೋದು ಅದಕ್ಕ."

ಅಮರಪ್ಪ ಕೆಸರಿನಾಗ ನಿಂತು ಮೂಗು ಮುರದ. "ನನ್ನ ಕೈಕೆಳಗ ಇದ್ದಾಕಿ ಆಕಿ. ಆಕಿಗೆ ನಾ ಕೈ ಮುಗೀಲೇನು?"

ಥೂ! ತಾನ ಬೈದ ಸಾಹೇಬ್ರ ಕಾಲಿಗೆ ಬೀಳಾಕ ಅಡ್ಡಿಯಿಲ್ಲ, ಸಂಗಾಟ ದುಡಿದಾಕಿಗೆ ಫೋನ್ ಹಚ್ಚಾಕ ಮಾನ ಅಡ್ಡ ಬರ್ತದ!

ಸುಗಲಮ್ಮ ಕಡೀಗೆ ಸಾಹೇಬ್ರಿಗೇ ಫೋನ್ ಮಾಡಿದಳು. "ನಿಮ್ಮ ಮಾತು ಕೇಳಿ ಸಸಿ ಹಾಕೀನ್ರಿ. ನೀರು ಹೋಗಾಕತ್ತದ. ನಿಮ್ಮ ಮನಷ್ಯಾ ಎಲ್ಲ್ಯಾನ?" ಸಾಹೇಬ್ರು ಮೋನಮ್ಮಗ ಕೈ ಮುಗಿದು ಹೇಳಿದ್ರಂತ. ಆಕಿ ಟ್ರ್ಯಾಕ್ಟರಿನಾಗ ಮಷೀನ್ ಹಾಕ್ಕೊಂಡು ಬೋನಾಳಕ್ಕ ಹೋದಳು, ಸಸಿ ಬಲಿಯೋದ್ರಾಗ ನಾಟಿ ಮುಗಿಸಿದಳು, ಮುಗಿದ ಕೂಡ್ಲೇ ಸಾಹೇಬ್ರಿಗೆ ಫೋನ್ ಮಾಡಿ ಹೇಳಿದಳು. ಸುರಪುರದ ಕಡೀ ರೈತರ ಸಸಿ ಮಾತ್ರ ಟ್ರೇದಾಗ ಬಲಿತು ದನದ ಬಾಯಿಗೆ ಹೋತು. ಅವರನ್ನ ಅಮರಪ್ಪಗ ಕೊಟ್ಟಂವ ಮುಖ ತೋರಸಲಾರದ ಆ ಊರಿಗೆ ಹೋಗೋದ ಬಿಟ್ಟ.

ಮುಂದಿನ ಹಂಗಾಮಿಗೆ ಅಮರಪ್ಪ ಮತ್ತ ಸಾಹೇಬ್ರಿಗೆ ಫೋನ್ ಹಚ್ಚಿದ. ಅವ್ರು ಬೈಲಿಲ್ಲ, ರೇಗಲಿಲ್ಲ. "ಆರಾಮ ಅದಿಯಾ? ಮಕ್ಕಳು ಆರಾಮಾ?" ಅಂತ ಕೇಳಿದ್ರು. ನಂಬರ್ ಕೊಡಲಿಲ್ಲ. ಹಳೇ ಬಳಗದವ್ರೂ ಹಂಗ, ಆರಾಮಾ ಅಂತ ಕೇಳಿ ಫೋನ್ ಇಟ್ಟುಬಿಡ್ತಿದ್ರು. ಮಷೀನು ಅವನ ಮನಿ ಮುಂದ ನಿಂತು ತುಕ್ಕು ಹಿಡಿಯಾಕ ಹತ್ತಿತು.

ಒಂದಿನ ನನ್ನ ಅಂಗಡ್ಯಾಗ ಕುಂತು ಅಮರಪ್ಪ ಗ್ರೂಪಿನಾಗ ಹಾಕಿದ: 'ನಾಟಿ ಮಷೀನ್ ಮಾರೋದದ.' ಚಾ ತಣ್ಣಗಾಗೋದ್ರಾಗ ಮರಿಲಿಂಗಪ್ಪ ಸಾಹೇಬ್ರ ಉತ್ತರ ಬಂತು. 'ಈ ಮಷೀನ್ ನಾ ನೋಡೀನಿ. ಚಲೋ ಅದ. ಬೇಕಾದವ್ರು ತಗೋರಿ, ನಂದು ಜಿಮ್ಮಾ.' ಅದರ ಕೆಳಗ ಮೋನಮ್ಮ: 'ನಾ ತಗೋತೀನಿ ಅಣ್ಣಾ.'

ಅಮರಪ್ಪ ಅದನ್ನ ಓದಿದ, ಮತ್ತ ಓದಿದ. ಇಸ್ತ್ರಿ ಅಂಗಿ ತೋಳಿನಿಂದ ಮುಖ ವರೆಸಿಕೊಂಡ.

"ಸಾಹೇಬ್ರು ನನ್ನ ಬಗ್ಗೆ ಏನೂ ಬರದಿಲ್ಲಲ್ಲೋ ಪಂಪಣ್ಣ?"

"ಮಾರಾಕ ಇಟ್ಟಿದ್ದು ಮಷೀನು ಅಲ್ಲೇನು?" ಅಂದೆ. "ಅದು ಯಾರಿಗೂ ಸುಳ್ಳು ಹೇಳಿಲ್ಲ."