ಎರಡೂವರೆ ಮೀಟರ್ ಎಲ್ಲಿಂದ?

ದೀಪಾವಳಿ ಕಳೆದ ಎರಡನೆಯ ಬುಧವಾರ. ಬೆಳಿಗ್ಗೆ ಏಳೂವರೆ. ಬನಹಟ್ಟಿಯ ಹೊರವಲಯದಲ್ಲಿ ನನ್ನ ತಮ್ಮನ ಮಗ ಕೊಂಡ ಜಾಗ. ಹಾಜರಿದ್ದವರು: ಅವನು, ಗೌಂಡಿ ಮೇಸ್ತ್ರಿ, ನಾನು. ಜಮಖಂಡಿಯಲ್ಲಿ ಕಚೇರಿ ಇಟ್ಟಿರುವ ಇಂಜಿನಿಯರ್ ಎಂಟಕ್ಕೆ ಬರುವುದಾಗಿ ಹೇಳಿದ್ದರು. ಐದು ನಿಮಿಷ ಮೊದಲೇ ಬಂದರು. ಸಮಯ ಪಾಲಿಸುವವರನ್ನು ಕಂಡರೆ ನನಗೆ ಅರ್ಧ ವಿಶ್ವಾಸ ಆಗಲೇ ಹುಟ್ಟುತ್ತದೆ.

ಕಟ್ಟುತ್ತಿದ್ದದ್ದು ಹದಿನಾರು ಪವರ್‌ಲೂಮ್‌ಗಳ ಶೆಡ್ಡು. ಹುಡುಗ ಈಗ ನೇಯುತ್ತಿರುವ ಬಾಡಿಗೆ ಶೆಡ್ಡಿನ ಗೋಡೆ ಕೈ ತೂರುವಷ್ಟು ಬಿರಿದಿದೆ. ಮಳೆಗಾಲದಲ್ಲಿ ಇಲ್ಲಿಯ ಕಪ್ಪು ಎರೆಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದರೊಂದಿಗೆ ಮಗ್ಗಗಳ ಮಟ್ಟವೂ ತಪ್ಪಿ ನೂಲು ಹರಿಯುತ್ತದೆ. ಹೊಸ ಶೆಡ್ಡಿಗೂ ಇದೇ ಗತಿಯಾದರೆ ಅವನು ಮತ್ತೆ ಕಟ್ಟಲಾರ. ಅದಕ್ಕೇ ಮೇ ತಿಂಗಳಲ್ಲಿ ಹಣ ಕೊಟ್ಟು ಮಣ್ಣಿನ ಪರೀಕ್ಷೆ ಮಾಡಿಸಿದ್ದ. ನಲವತ್ತು ಪುಟದ ವರದಿ ಬಂದಿತ್ತು.

ವರದಿ ಓದುವ ಕೆಲಸ ನನಗೆ ಬಂತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು ನಾನು. ಕೊನೆಯ ಪುಟದ ಸಾರಾಂಶ ತೆಗೆದೆ: ಪಾಯದ ಆಳ ಎರಡೂವರೆ ಮೀಟರ್, ಮಣ್ಣು ತಡೆಯುವ ಸುರಕ್ಷಿತ ಒತ್ತಡ ಚದರ ಮೀಟರಿಗೆ ಹದಿನೈದು ಟನ್. ಎರಡನ್ನೂ ಒಂದು ಚೀಟಿಯ ಮೇಲೆ ದುಂಡಗೆ ಬರೆದು ಮೇಸ್ತ್ರಿಗೆ ಕೊಟ್ಟೆ. ನಾನು ಮಾಡಿದ ಓದು ಅಷ್ಟೇ.

ಮೇಸ್ತ್ರಿ ಹನ್ನೆರಡು ಗುಂಡಿ ತೋಡಿಸಿದ್ದರು. ತಳವೆಲ್ಲ ಹಳದಿ ಮೊರಮು, ಅಂದರೆ ಗರಸು ಮಣ್ಣು, ಬಡಿದು ಸಮ ಮಾಡಿದ್ದು. ಹತ್ತು ಗಂಟೆಗೆ ಕಾಂಕ್ರೀಟು ಹಾಕುವ ಏರ್ಪಾಡು. ಇಂಜಿನಿಯರ್ ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಗುಂಡಿಯ ಅಂಚಿಗೆ ಬಂದರು. ಮೊದಲು ನೋಡಿದ್ದು ತಳವನ್ನಲ್ಲ, ಗುಂಡಿಯ ಬದಿಯನ್ನು.

"ಮ್ಯಾಲ ಈ ಮೊರಮು ಯಾರು ಹಾಕ್ಸಿದ್ರಿ?"

"ನಾನ ರೀ ಮೇಡಂ," ಎಂದ ನನ್ನ ಹುಡುಗ. "ರೋಡು ಎತ್ತರ ಆತಲ್ರಿ. ಶ್ರಾವಣದಾಗ ಹಾಕ್ಸಿದೆ, ಇಲ್ಲಾಂದ್ರ ನೀರೆಲ್ಲ ಒಳಗ ಬರ್ತಿತ್ತು."

ಅವರು ಚೀಲದಿಂದ ವರದಿ ತೆಗೆದರು. ಸಾರಾಂಶ ಬಿಟ್ಟು ನಡುವಿನ ಒಂದು ಪುಟ ತೆರೆದರು. ಕೊರೆದ ರಂಧ್ರದಲ್ಲಿ ಯಾವ ಆಳಕ್ಕೆ ಯಾವ ಮಣ್ಣು ಸಿಕ್ಕಿತೆಂಬ ಪಟ್ಟಿ ಅದು.

"ಸರ್, ನೋಡ್ರಿ. ಮೊದಲನೇ ರಂಧ್ರದಾಗ ಸೊನ್ನಿಯಿಂದ ಒಂದು ಪಾಯಿಂಟ್ ಒಂಬತ್ತು ಮೀಟರ್ ತನಕ ಎರಿಮಣ್ಣು. ಎರಡನೇದರಾಗ ಎರಡು ಪಾಯಿಂಟ್ ಒಂದರ ತನಕ. ಆಮ್ಯಾಲೆ ಗಟ್ಟಿ ಮೊರಮು. ಇದರಾಗ ಹಾಕಿದ ಮಣ್ಣಿನ ಸುದ್ದಿನ ಇಲ್ಲ. ಅಂದ್ರ ಕೊರದಾಗ ಅದು ಇರಲಿಲ್ಲ. ನೀವು ಎರಡೂವರೆ ಮೀಟರ್ ಎಲ್ಲಿಂದ ಅಳದೀರಿ?"

"ಮ್ಯಾಲಿಂದರೀ," ಎಂದರು ಮೇಸ್ತ್ರಿ.

"ಯಾವ ಮ್ಯಾಲಿಂದ?"

ಮೇಸ್ತ್ರಿ ನನ್ನ ಕಡೆ ನೋಡಿದರು. "ಗುರುಗಳು ಚೀಟಿ ಕೊಟ್ಟಿದ್ರಲ್ರಿ. ಅದರಾಗ ಬರೀ ಎರಡೂವರೆ ಅಂತಿತ್ತು."

ಖರೆ. ನನ್ನ ಚೀಟಿಯಲ್ಲಿ ಅಂಕಿ ಇತ್ತು, ಆರಂಭ ಇರಲಿಲ್ಲ. ಮಕ್ಕಳು ಹೀಗೆ ಉತ್ತರ ಬರೆದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ.

ಇಂಜಿನಿಯರ್ ವರದಿಯ ಮತ್ತೊಂದು ಸಾಲು ತೋರಿಸಿದರು. ಕೊರೆದ ದಿನ ನೆಲದ ಮಟ್ಟ ಮೂಲೆಯ ಪಂಪ್ ಕೋಣೆಯ ನೆಲಕ್ಕಿಂತ ಅರವತ್ತು ಸೆಂಟಿಮೀಟರ್ ಕೆಳಗೆ ಇತ್ತು ಎಂದು. ನಾನು ಅದನ್ನು ಪಂಪ್ ಕೋಣೆಯ ವಿಷಯವೆಂದು ದಾಟಿದ್ದೆ. ಮೇಸ್ತ್ರಿ ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ತಂದರು. ಒಂದು ತುದಿ ಕೋಣೆಯ ನೆಲಕ್ಕೆ, ಇನ್ನೊಂದು ತುದಿ ಗುಂಡಿಯ ಅಂಚಿಗೆ. ಈಗಿನ ನೆಲ ಪಂಪ್ ಕೋಣೆಗಿಂತ ನಲವತ್ತು ಸೆಂಟಿಮೀಟರ್ ಮೇಲಿತ್ತು. ಅರವತ್ತು, ನಲವತ್ತು: ಹಾಕಿದ ಮಣ್ಣು ಸರಿಯಾಗಿ ಒಂದು ಮೀಟರ್. ನಮ್ಮ ಎರಡೂವರೆಯಲ್ಲಿ ಹಳೆಯ ನೆಲದ ಆಳ ಬರೀ ಒಂದೂವರೆ; ಎರೆಮಣ್ಣೋ ಸುಮಾರು ಎರಡರ ತನಕ.

"ಆದ್ರ ಮೇಡಂ, ತಳದಾಗ ಹಳದಿ ಮೊರಮು ಐತಲ್ರಿ!" ಎಂದ ಹುಡುಗ.

ಇಂಜಿನಿಯರ್ ಗುಂಡಿಯ ಅಂಚಿನಿಂದಲೇ ಉದ್ದನೆಯ ಕಬ್ಬಿಣದ ಸಬ್ಬಲ ಎತ್ತಿ ತಳಕ್ಕೆ ಬಿಟ್ಟರು. ಒಂದು ಗೇಣು ಗಟ್ಟಿ, ಆಮೇಲೆ ಮೆತ್ತಗೆ ಇಳಿಯಿತು. ಎತ್ತಿದಾಗ ತುದಿಗೆ ಕಪ್ಪು ಎರೆ ಅಂಟಿತ್ತು.

ಮೇಸ್ತ್ರಿಯ ಮುಖ ಕೆಂಪಾಯಿತು. "ಹಾಸಿ ಬಡದೀನ್ರಿ. ತಳ ಕರ್ರಗ ಕಂಡ್ರ ಯಾವಾಗ್ಲೂ ಮೊರಮು ಹಾಸತೀವಿ. ಮೂವತ್ತು ವರ್ಷದಿಂದ ಹಿಂಗ."

"ಹಂಗ ಹಾಸಿ ಕಟ್ಟಿದ ಮನಿಗಳಿಗೆ ಬಿರಕು ಬಂದ್ವೋ ಇಲ್ಲೋ?"

"ಬಂದ್ವು ಅನ್ರಿ," ಎಂದು ಮೇಸ್ತ್ರಿ ನಕ್ಕುಬಿಟ್ಟರು. "ಆವಾಗ ಮಾಲಕರು ಬಿರಕಿನ ಮ್ಯಾಲ ಸುಣ್ಣ ಹಚ್ಕೊಂತಿದ್ರು!"

ಇಂಜಿನಿಯರೂ ನಕ್ಕರು, ಆದರೆ ಕಾಂಕ್ರೀಟು ನಿಲ್ಲಿಸಿದರು. ದನಿ ಏರಿಸಲಿಲ್ಲ, ಬೈಯಲಿಲ್ಲ. ಗುಂಡಿಗಳನ್ನು ಇನ್ನೂ ಒಂದು ಮೀಟರ್ ಇಳಿಸಬೇಕು, ಬದಿಗಳನ್ನು ಇಳಿಜಾರು ಮಾಡುವವರೆಗೂ ಯಾರೂ ಒಳಗೆ ಇಳಿಯಬಾರದು, ನೆಲದೊಳಗಿನ ಕಂಬ ಉದ್ದವಾಗುವುದರಿಂದ ನಕ್ಷೆಯನ್ನು ನಾನೇ ತಿದ್ದಿ ಕೊಡುತ್ತೇನೆ ಎಂದರು.

ಜೆಸಿಬಿ ಬರುವ ತನಕ ನಾವು ಬೇವಿನ ಮರದಡಿ ಕುಳಿತೆವು. ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ನಾನು ವರದಿಯನ್ನು ಮೊದಲ ಪುಟದಿಂದ ಓದಿಸಿಕೊಂಡೆ. ಇಂಜಿನಿಯರ್ ಬೇಸರಪಡಲಿಲ್ಲ.

"ಹದಿನೈದು ಟನ್ ಅನ್ನೂದು ಎಲ್ಲಿಂದ ಬಂತು?" ಎಂದೆ.

"ಎರಡು ಲೆಕ್ಕ ಮಾಡ್ತಾರ ಸರ್. ಒಂದು, ಮಣ್ಣು ಒತ್ತಡಕ್ಕ ಕುಸಿಯಬಾರದು. ಇನ್ನೊಂದು, ಪಾಯ ಇಪ್ಪತ್ತೈದು ಮಿಲಿಮೀಟರಿಗಿಂತ ಹೆಚ್ಚು ಕೆಳಗ ಇಳೀಬಾರದು. ಎರಡರಾಗ ಯಾವುದು ಕಡಿಮಿ ಅದನ್ನ ಬರೀತಾರ. ಅದೂ ಗಟ್ಟಿ ಮೊರಮಿಗೆ, ಅದೇ ಆಳಕ್ಕ. ಎರಿಮಣ್ಣಿನ ಮ್ಯಾಲ ಈ ಅಂಕಿ ನಡೆಯಂಗಿಲ್ಲ."

ಹುಡುಗ ಗುಂಡಿಗಳ ಕಡೆ ನೋಡುತ್ತ ಕೇಳಿದ, "ಮೇಡಂ, ಮೇ ತಿಂಗಳದಾಗ ನೀರು ನಾಲ್ಕು ಮೀಟರ್ ಕೆಳಗ ಅಂದಾರ. ಈಗ ಕಾಲುವಿ ಬಿಟ್ಟಾರ, ನೀರು ಮ್ಯಾಲ ಬಂದಿರ್ತೈತಿ. ನೀರಿಗೆ ಮಣ್ಣಿನ ಶಕ್ತಿ ಇಳೀತೈತಲ್ರಿ, ಹದಿನೈದನ್ನ ಅರ್ಧ ಮಾಡೋಣೇನ್ರಿ?"

ಅವರು ಪುಟ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ನೀರಿನ ಮಟ್ಟ ಪರೀಕ್ಷೆಯ ದಿನದ್ದು, ಋತುಮಾನಕ್ಕೆ ತಕ್ಕಂತೆ ಬದಲಾಗುತ್ತದೆ. ಅದು ಪಾಯದ ತಳದವರೆಗೆ ಏರಬಹುದೆಂದು ಹಿಡಿದೇ ಮೇಲಿನ ಒತ್ತಡ ಸೂಚಿಸಲಾಗಿದೆ.

"ಅವರು ಕಡಿಮಿ ಮಾಡೇ ಬರದಾರ. ಮತ್ತ ನೀವು ಕಡಿಮಿ ಮಾಡಿದ್ರ ಸುಮ್ನ ಪಾಯ ದೊಡ್ಡದಾಕ್ಕೈತಿ. ನೀರಿನ ತ್ರಾಸು ಬ್ಯಾರೆ: ತಳ ಕೆಸರಾದ್ರ ಆ ಕೆಸರು ತಗೀಬೇಕು."

ಆಮೇಲಿನ ಪುಟದ ಎಚ್ಚರಿಕೆಗಳನ್ನು ನಾನೇ ಗಟ್ಟಿಯಾಗಿ ಓದಿದೆ. ಎರಡೇ ಕಡೆ ಕೊರೆಯಲಾಗಿದೆ. ಬೇರೆ ಮಣ್ಣು ಸಿಕ್ಕರೆ ತಿಳಿಸಬೇಕು. ತೋಡಿದ ಎರೆಮಣ್ಣನ್ನು ಪಾಯದ ಸುತ್ತ ಮತ್ತೆ ತುಂಬಬಾರದು. ಮೇಸ್ತ್ರಿ ಗುಡ್ಡೆ ಹಾಕಿದ್ದ ಎರೆಯ ಕಡೆ ನೋಡಿ, "ಇದನ್ನ ಹೊಲಕ್ಕ ಕಳಿಸ್ತೀನಿ ಬಿಡ್ರಿ," ಎಂದರು. ಅವರ ಮೇಲೂ ನನಗೆ ಗೌರವ ಹೆಚ್ಚಿತು. ಮೂವತ್ತು ವರ್ಷದ ರೂಢಿಯನ್ನು ಅರ್ಧ ದಿನದಲ್ಲಿ ಬಿಡುವುದು ಸುಲಭವಲ್ಲ; ನನ್ನಿಂದ ಆಗುತ್ತಿತ್ತೋ ಇಲ್ಲವೋ.

ಮಧ್ಯಾಹ್ನ ರೊಟ್ಟಿ ಮುಗಿಸುವ ಹೊತ್ತಿಗೆ ಆರು ಗುಂಡಿಗಳು ಆಳವಾಗಿದ್ದವು. ಎರೆ ಮುಗಿದು ನಿಜವಾದ ಮೊರಮು ಸಿಕ್ಕಿತು. ಸಬ್ಬಲ ಬಿಟ್ಟರೆ ಠಣ್ಣೆಂದು ಹಾರುತ್ತಿತ್ತು. ಎರಡರಲ್ಲಿ ನೀರು ಜಿನುಗಿತು. ಪಂಪು ಹಚ್ಚಿ ಖಾಲಿ ಮಾಡಿಸಿದರು. ಬದಿ ಇಳಿಜಾರಾದ ಮೇಲೆ ಇಂಜಿನಿಯರ್ ಏಣಿ ಹಾಕಿಸಿ ಪ್ರತಿ ಗುಂಡಿಗೂ ಇಳಿದರು. ಒಂದನ್ನೂ ಮೇಲಿನಿಂದ ನೋಡಿ ಒಪ್ಪಲಿಲ್ಲ. ಹನ್ನೊಂದನೆಯ ಗುಂಡಿಯ ಮೂಲೆಯಲ್ಲಿ ಎರೆಯ ಒಂದು ಎಳೆ ಕಂಡು ಇನ್ನೊಂದು ಗೇಣು ತೆಗೆಸಿದರು.

ಹುಡುಗ ನನ್ನ ಹತ್ತಿರ ಬಂದ. "ದೊಡ್ಡಪ್ಪ, ಮುಂಜಾನೆ ಹತ್ತಕ್ಕ ಕಾಂಕ್ರೀಟು ಹಾಕಿಬಿಟ್ಟಿದ್ರ ಈ ಶೆಡ್ಡಿನ ಕಥಿನೂ ಮುಗೀತಿತ್ತು ನೋಡ್ರಿ."

"ಹೂಂ," ಎಂದೆ.

ಐದು ಗಂಟೆ ಇಪ್ಪತ್ತು ನಿಮಿಷ. ಹನ್ನೆರಡನೆಯ ಗುಂಡಿಯ ಕೆಸರು ಹೆರೆದು ತೆಗೆದಾಯಿತು. ಅದರ ತಳಕ್ಕೆ ತೆಳು ಕಾಂಕ್ರೀಟಿನ ಹಾಸು ಬಿತ್ತು. ಮೇಸ್ತ್ರಿ ಕರಣೆಯಿಂದ ಸಮ ಮಾಡಿದರು. ಇಂಜಿನಿಯರ್ ವರದಿಯ ಕೊನೆಯ ಪುಟದಲ್ಲಿ ಪಂಪ್ ಕೋಣೆಯ ನೆಲದಿಂದ ಅಳೆದ ತಳದ ಮಟ್ಟ ಬರೆದು ಸಹಿ ಹಾಕಿದರು.